ಕಿವಿ ಕಿಕ್ಕಿಗೆ, ಕೈ ಬೇಸಿಗೆ

ಮೂರು ವಾರ ಹೆಡ್‌ಫೋನ್ ಹಾಕಿಕೊಂಡು ಕೋಣೆಯಲ್ಲಿ ಕೂತು ಮಾಡಿದ ಒಂದು ಡ್ಯಾನ್ಸ್ ಟ್ರ್ಯಾಕನ್ನು ಗೆಳೆಯನೊಬ್ಬನ ಮನೆಯ ತಾರಸಿ ಪಾರ್ಟಿಯಲ್ಲಿ ಹಾಕಿಸಿದ್ದೆ. ಬಾಡಿಗೆಗೆ ತಂದ ಎರಡು ದೊಡ್ಡ ಸ್ಪೀಕರುಗಳಿದ್ದವು. ಮೊದಲ ಅರ್ಧ ನಿಮಿಷ ಬರೀ ಕಿಕ್ ಡ್ರಮ್ ಇತ್ತು. ಧಮ್, ಧಮ್, ಧಮ್ ಎಂದು ಅದು ಬಿಗಿಯಾಗಿ ಬೀಳುತ್ತಿದ್ದಾಗ ಜನರ ಕಾಲು ತಾವಾಗಿ ಆಡತೊಡಗಿದ್ದವು. ಆಮೇಲೆ ಬೇಸ್ ಸೇರಿತು. ಸೇರಿದ್ದೇ ತಡ, ಕಿಕ್ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಒಂದು ಪೆಟ್ಟು ಎದೆಗೆ ಗುದ್ದಿದ ಹಾಗೆ ಕೇಳಿಸಿದರೆ ಅದರ ಮುಂದಿನದು ರಟ್ಟಿನ ಡಬ್ಬ ಬಡಿದ ಹಾಗೆ. ಮೂರನೆಯದು ಬಿದ್ದಿತೋ ಇಲ್ಲವೋ ಎಂಬ ಅನುಮಾನ. ನಾನು ಮಾಡಿದ ಮೊದಲ ಕೆಲಸ ಕಿಕ್‌ನ ಶಬ್ದ ಏರಿಸಿದ್ದು. ಸ್ಪೀಕರು ಗರಗರ ಅಂದಿತು, ಕಿಕ್ ಮಾತ್ರ ಮರಳಿ ಬರಲಿಲ್ಲ.

ಕಿಕ್ ಎಂದರೆ ಡ್ರಮ್ ಸೆಟ್ಟಿನಲ್ಲಿ ಕಾಲಿನ ಪೆಡಲ್ ಒತ್ತಿ ಬಾರಿಸುವ ದೊಡ್ಡ ಡ್ರಮ್ಮು. ಎಲೆಕ್ಟ್ರಾನಿಕ್ ಸಂಗೀತದಲ್ಲಿ ಆ ಡ್ರಮ್ಮೂ ಇಲ್ಲ, ಕಾಲೂ ಇಲ್ಲ. ಯಂತ್ರವೋ ಕಂಪ್ಯೂಟರೋ ಆ ದನಿಯನ್ನು ಹುಟ್ಟಿಸುತ್ತದೆ. ಅದರಲ್ಲಿ ಎರಡು ಭಾಗ. ಮೊದಲು ಕ್ಷಣಮಾತ್ರದ ‘ಟಕ್’, ಅದರ ಬೆನ್ನಿಗೇ ಕೆಳಕ್ಕೆ ಜಾರಿ 50 ಹರ್ಟ್ಸ್ ಆಸುಪಾಸಿನಲ್ಲಿ ನಿಲ್ಲುವ ‘ಧಮ್’. ಬೇಸ್ ಎಂದರೆ ಹಾಡಿನ ತಳಪಾಯವಾಗಿ ಹರಿಯುವ ಮಂದ್ರದ ಸ್ವರಗಳು. ನನ್ನ ಟ್ರ್ಯಾಕಿನ ಬೇಸ್ ನಿಂತಿದ್ದು 55 ಹರ್ಟ್ಸಿನ ಸ್ವರದ ಮೇಲೆ. ಅಂದರೆ ಇಬ್ಬರೂ ಒಂದೇ ಮನೆಯ ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದರು.

ಒಂದು ಶಬ್ದ ಇನ್ನೊಂದನ್ನು ಮುಚ್ಚಿಹಾಕುವುದು ನಮಗೇನೂ ಹೊಸದಲ್ಲ. ಮದುವೆಯಲ್ಲಿ ಮಾಂಗಲ್ಯ ಕಟ್ಟುವ ಹೊತ್ತಿಗೆ ಪುರೋಹಿತರು ‘ಗಟ್ಟಿಮೇಳ, ಗಟ್ಟಿಮೇಳ’ ಎಂದು ಬೆರಳಾಡಿಸಿದರೆ ಓಲಗದವರು ಜೀವ ಬಿಟ್ಟು ಬಾರಿಸುತ್ತಾರೆ. ಯಾರಾದರೂ ಸೀನಿದರೆ ಆ ಅಪಶಕುನ ಯಾರ ಕಿವಿಗೂ ಬೀಳಬಾರದು ಎನ್ನುವುದು ಅದಕ್ಕೆ ಹಿರಿಯರು ಕೊಡುವ ಕಾರಣ. ಸೀನಿದವನು ಸೀನಿಯೇ ಇರುತ್ತಾನೆ, ಆದರೆ ಕಿವಿಗೆ ಅದು ಬೇರೆಯಾಗಿ ಸಿಗುವುದಿಲ್ಲ. ಕಿಕ್ ಮೇಲೆ ಬೇಸ್ ಮಾಡುವುದೂ ಇದನ್ನೇ. ಜೊತೆಗೆ ತಗ್ಗಿನ ಸ್ವರಗಳಲ್ಲಿ ಇನ್ನೂ ಒಂದು ತೊಂದರೆಯಿದೆ. ಅದು ಕಿವಿಯ ಮಿತಿಯಿಂದ ಬಂದದ್ದಲ್ಲ, ಕೂಡುವ ಕಳೆಯುವ ಲೆಕ್ಕದಿಂದ ಬಂದದ್ದು.

ಕಂಪ್ಯೂಟರಿನಲ್ಲಿ ಶಬ್ದಕ್ಕೆ ಒಂದು ಚಾವಣಿಯಿದೆ. ಅದನ್ನು 1 ಎನ್ನೋಣ. ಕಿಕ್‌ನ ಅಲೆಯ ಎತ್ತರ ಅರ್ಧ, ಬೇಸಿನದೂ ಅರ್ಧ. ಎರಡೂ ಅಲೆಗಳು ಒಟ್ಟಿಗೇ ಮೇಲೇರಿ ಒಟ್ಟಿಗೇ ಕೆಳಗಿಳಿದರೆ ಎತ್ತರ ಕೂಡಿ 1 ಆಗುತ್ತದೆ. ತಲೆ ಚಾವಣಿಗೆ ತಾಗುತ್ತದೆ. ಒಂದು ಏರುವಾಗ ಇನ್ನೊಂದು ಇಳಿಯುತ್ತಿದ್ದರೆ ಅರ್ಧದಲ್ಲಿ ಅರ್ಧ ಕಳೆದು ಸೊನ್ನೆ. ಕಿಕ್‌ನ ಬಾಲ ಮಾಯ. ಸಿಂಥಸೈಜರಿನ ಅಲೆ ತನ್ನ ಪಾಡಿಗೆ ತಾನು ತಿರುಗುತ್ತಿರುವುದರಿಂದ ಪ್ರತಿ ಕಿಕ್ ಬೀಳುವಾಗಲೂ ಬೇಸ್ ಬೇರೆ ಬೇರೆ ಹಂತದಲ್ಲಿರುತ್ತದೆ. ಹೀಗಾಗಿ ಒಂದು ಪೆಟ್ಟು ಗುದ್ದುತ್ತದೆ, ಇನ್ನೊಂದು ಪೊಳ್ಳಾಗುತ್ತದೆ. ತಾರಸಿಯ ಮೇಲೆ ನನಗೆ ಕೇಳಿಸಿದ್ದು ಇದೇ. ಕಿಕ್ ಏರಿಸಿದಾಗ ಪೊಳ್ಳು ಪೆಟ್ಟು ತುಸು ತುಂಬಿಕೊಂಡಿತೇನೋ, ಆದರೆ ಗುದ್ದುವ ಪೆಟ್ಟು ಚಾವಣಿ ಒಡೆಯಿತು. ಗರಗರ ಎಂದಿದ್ದು ಅದಕ್ಕೇ.

ಹಾಗಾದರೆ ಕಿಕ್ ಏರಿಸುವ ಬದಲು ಅದು ಬೀಳುವ ಹೊತ್ತಿಗಷ್ಟೇ ಬೇಸನ್ನು ತಗ್ಗಿಸಿದರೆ? ಬೇಸಿನ ಎತ್ತರವನ್ನು ಅರ್ಧದಿಂದ ಕಾಲಿಗೆ ಇಳಿಸೋಣ. ಈಗ ಕೂಡಿದರೆ ಮುಕ್ಕಾಲು, ಕಳೆದರೆ ಕಾಲು. ಇನ್ನೂ ಅರ್ಧಕ್ಕೆ, ಅಂದರೆ ಅರೆಕಾಲಿಗೆ ಇಳಿಸಿದರೆ ಕೂಡಿದಾಗ 0.625, ಕಳೆದಾಗ 0.375. ಮೊದಲು ಸೊನ್ನೆಯಿಂದ ಒಂದರ ತನಕ ಹೊಯ್ದಾಡುತ್ತಿದ್ದ ಕಿಕ್ ಈಗ ಅರ್ಧದ ಅಕ್ಕಪಕ್ಕದಲ್ಲೇ ಉಳಿಯುತ್ತದೆ. ಕಿಕ್ ಒಂದು ಚೂರೂ ಜೋರಾಗಿಲ್ಲ. ಹಾಗಿದ್ದೂ ಎಲ್ಲ ಪೆಟ್ಟುಗಳೂ ಒಂದೇ ತೂಕದಲ್ಲಿ ಬೀಳುತ್ತವೆ.

ನಿಮಿಷಕ್ಕೆ 128 ಸಲ ಬೀಳುವ ಕಿಕ್‌ಗೆ ತಕ್ಕ ಹಾಗೆ ಬೇಸಿನ ಶಬ್ದವನ್ನು ಕೈಯಿಂದ ಏರಿಸಿ ಇಳಿಸುತ್ತ ಕೂರಲು ಯಾರಿಂದಲೂ ಆಗದು. ಆ ಕೆಲಸ ಮಾಡುವ ಉಪಕರಣ ಕಂಪ್ರೆಸರ್. ಅದಕ್ಕೊಂದು ಕಿವಿ, ಒಂದು ಕೈ ಇದೆ ಎಂದುಕೊಳ್ಳಿ. ಕಿವಿ ಶಬ್ದವನ್ನು ಆಲಿಸುತ್ತಿರುತ್ತದೆ; ಗೊತ್ತುಮಾಡಿದ ಗಡಿಯನ್ನು ಶಬ್ದ ದಾಟಿದ ಕೂಡಲೇ ಕೈ ಅದನ್ನು ತಗ್ಗಿಸುತ್ತದೆ. ಮಾಮೂಲಿ ಬಳಕೆಯಲ್ಲಿ ಕಿವಿ ಕೇಳುವುದೂ ಕೈ ಹಿಡಿದಿರುವುದೂ ಒಂದೇ ಶಬ್ದ. ಗಾಯಕಿ ಇದ್ದಕ್ಕಿದ್ದಂತೆ ಕೂಗಿ ಹಾಡಿದರೆ ಅವಳ ದನಿಯನ್ನೇ ತುಸು ಒತ್ತಿ ಹಿಡಿಯುತ್ತದೆ, ಅಷ್ಟೇ. ಈ ಕಿವಿಗೆ ಹೋಗುವ ದಾರಿಗೆ ಸೈಡ್‌ಚೈನ್ ಎಂದು ಹೆಸರು. ಆ ದಾರಿಯನ್ನು ಕಿತ್ತು ಬೇರೆ ಶಬ್ದಕ್ಕೆ ಜೋಡಿಸಿದರೆ ಕಿವಿ ಕಿಕ್ಕನ್ನು ಕೇಳುತ್ತದೆ, ಕೈ ಬೇಸನ್ನು ತಗ್ಗಿಸುತ್ತದೆ. ರೇಡಿಯೊದಲ್ಲಿ ನಿರೂಪಕರು ಬಾಯಿ ತೆರೆದೊಡನೆ ಹಿನ್ನೆಲೆಯ ಹಾಡು ತಾನಾಗಿ ತಗ್ಗಿ, ಮಾತು ಮುಗಿದ ಮೇಲೆ ಮೇಲೇಳುತ್ತದಲ್ಲ, ಅದನ್ನು ಯಂತ್ರದಿಂದ ಮಾಡಿಸುವ ಉಪಾಯವೂ ಇದೇ. ಅಲ್ಲಿ ಮಾತಿಗೆ ಹಾಡು ದಾರಿ ಬಿಡುತ್ತದೆ, ಇಲ್ಲಿ ಕಿಕ್‌ಗೆ ಬೇಸ್.

ನನ್ನ ಟ್ರ್ಯಾಕನ್ನು ಆಮೇಲೆ ಹೇಗೆ ರಿಪೇರಿ ಮಾಡಿದೆ ಎಂದು ಹೇಳುತ್ತೇನೆ. ನಾನು ಬಳಸುವುದು ಏಬಲ್ಟನ್ ಲೈವ್. ಬೇರೆ ಸಾಫ್ಟ್‌ವೇರ್‌ಗಳಲ್ಲಿ ಗುಂಡಿಗಳ ಜಾಗ ಬೇರೆ, ಕೆಲಸ ಅದೇ. ಕಂಪ್ರೆಸರನ್ನು ಹಾಕಬೇಕಾದ್ದು ಬೇಸ್ ಟ್ರ್ಯಾಕಿನ ಮೇಲೆ. ಕಿಕ್ ಮೇಲೆ ಹಾಕಿ ‘ಏನೂ ಆಗುತ್ತಿಲ್ಲವಲ್ಲ’ ಎಂದು ಪೇಚಾಡುವವರಲ್ಲಿ ಒಂದು ಕಾಲಕ್ಕೆ ನಾನೂ ಇದ್ದೆ. Compressor ಮೂಲೆಯಲ್ಲಿರುವ ಪುಟ್ಟ ತ್ರಿಕೋನವನ್ನು ಒತ್ತಿದರೆ ಅದರ ಮಗ್ಗುಲು ತೆರೆದುಕೊಳ್ಳುತ್ತದೆ. ಅಲ್ಲಿ Sidechain ಗುಂಡಿಯನ್ನು ಹೊತ್ತಿಸಿ, Audio From ಪಟ್ಟಿಯಲ್ಲಿ ಕಿಕ್ ಟ್ರ್ಯಾಕನ್ನು ಆರಿಸಬೇಕು. ಅದರ ಕೆಳಗಿನ ಪಟ್ಟಿಯಲ್ಲಿ ನಾನು Post FX ಇಡುತ್ತೇನೆ. Post Mixer ಇಟ್ಟರೆ ಕಿಕ್‌ನ ಫೇಡರ್ ಸರಿಸಿದಾಗಲೆಲ್ಲ ಬೇಸ್ ತಗ್ಗುವ ಪ್ರಮಾಣವೂ ಬದಲಾಗಿ ತಲೆ ತಿನ್ನುತ್ತದೆ.

ಇನ್ನು ಎಷ್ಟು ತಗ್ಗಿಸಬೇಕು ಎನ್ನುವ ಲೆಕ್ಕ. ನನ್ನ ಕಿಕ್‌ನ ತುದಿ ಚಾವಣಿಗಿಂತ 6 ಡೆಸಿಬೆಲ್ ಕೆಳಗಿತ್ತು, ಅಂದರೆ ಮೈನಸ್ 6. ಗಡಿಯನ್ನು, ಅಂದರೆ Threshold ಅನ್ನು ಮೈನಸ್ 14ಕ್ಕೆ ಇಟ್ಟೆ. ಕಿಕ್ ಆ ಗಡಿಯನ್ನು 8 ಡೆಸಿಬೆಲ್‌ನಷ್ಟು ದಾಟುತ್ತದೆ. Ratio 4 ಇಟ್ಟರೆ ದಾಟಿದ 8ರಲ್ಲಿ ನಾಲ್ಕನೇ ಒಂದು ಪಾಲು, ಎಂದರೆ 2, ಉಳಿಯುತ್ತದೆ. ಮಿಕ್ಕ 6 ಕಡಿತ. ಆ ಕಡಿತ ಬೀಳುವುದು ಬೇಸಿನ ಮೇಲೆ. 6 ಡೆಸಿಬೆಲ್ ಇಳಿದರೆ ಅಲೆಯ ಎತ್ತರ ಹೆಚ್ಚುಕಮ್ಮಿ ಅರ್ಧವಾಗುತ್ತದೆ, ಹಿಂದೆ ಲೆಕ್ಕ ಹಾಕಿದ ಹಾಗೆ ಅರ್ಧದಿಂದ ಕಾಲಿಗೆ. ಗಡಿಯನ್ನು ಮೈನಸ್ 22ಕ್ಕೆ ಇಳಿಸಿದರೆ ಕಡಿತ 12 ಆಗಿ ಬೇಸ್ ಅರೆಕಾಲಿಗೆ ಬರುತ್ತದೆ. ಲೆಕ್ಕ ಕಾಗದದ್ದು, ನಿಜವಾದ ಕಡಿತವನ್ನು ಕಂಪ್ರೆಸರಿನ GR ಮೀಟರೇ ಹೇಳಬೇಕು.

ಇಲ್ಲಿ ಬಹಳ ಜನ ಎಡವುತ್ತಾರೆ. ಗಡಿಯನ್ನು ಬೇಸಿನ ಶಬ್ದಕ್ಕೆ ಹೋಲಿಸಿ ಇಡುತ್ತಾರೆ. ಈ ಜೋಡಣೆಯಲ್ಲಿ ಬೇಸ್ ಎಷ್ಟು ಜೋರಾಗಿದೆ ಎಂಬುದು ಲೆಕ್ಕಕ್ಕೇ ಇಲ್ಲ. ಕಂಪ್ರೆಸರಿನ ಕಿವಿಗೆ ಬೇಸ್ ಕೇಳಿಸುವುದೇ ಇಲ್ಲವಲ್ಲ. ಬೇಸ್ ಪಿಸುಗುಟ್ಟುತ್ತಿದ್ದರೂ ಕಿಕ್ ಬಿದ್ದಾಗ ಅದೇ 6 ಡೆಸಿಬೆಲ್ ಕತ್ತರಿಸಿಕೊಳ್ಳುತ್ತದೆ.

ತಗ್ಗಿಸುವುದು ಸುಲಭದ ಭಾಗ. ಈ ಕಸುಬಿನಲ್ಲಿ ಕೈ ಪಳಗಿದವರು ಗಮನವನ್ನೆಲ್ಲ ಇಡುವುದು ತಗ್ಗಿದ ಬೇಸ್ ಮರಳಿ ಬರುವುದರ ಮೇಲೆ. ನಿಮಿಷಕ್ಕೆ 128 ಪೆಟ್ಟು ಎಂದರೆ ಒಂದು ಕಿಕ್ಕಿನಿಂದ ಇನ್ನೊಂದಕ್ಕೆ 469 ಮಿಲಿಸೆಕೆಂಡ್, ಅರ್ಧ ಸೆಕೆಂಡಿಗೂ ತುಸು ಕಡಿಮೆ. ಅಷ್ಟರೊಳಗೆ ಬೇಸ್ ತಗ್ಗಬೇಕು, ಕಾಯಬೇಕು, ಪೂರ್ತಿ ಎದ್ದು ನಿಲ್ಲಬೇಕು, ತನ್ನ ಸ್ವರವನ್ನು ಕೇಳಿಸಬೇಕು. ಎರಡು ಪೆಟ್ಟುಗಳ ನಟ್ಟನಡುವೆ, ಅಂದರೆ 234 ಮಿಲಿಸೆಕೆಂಡಿನ ಹೊತ್ತಿಗೆ, ಅದು ಮರಳಿ ನಿಂತಿದ್ದರೆ ನಾವು ‘ಧಮ್-ಆ, ಧಮ್-ಆ’ ಎಂದು ತಲೆ ಹಾಕುವ ಆ ‘ಆ’ ಮೇಲೆ ಬೇಸ್ ಬಂದು ಕೂತಂತಾಯಿತು. ಕಿಕ್ ಗಡಿಗಿಂತ ಕೆಳಗಿಳಿಯುವುದಕ್ಕೇ ನೂರು ಮಿಲಿಸೆಕೆಂಡಿನಷ್ಟು ಹಿಡಿಯುತ್ತದೆ; ಅಲ್ಲಿಂದ ಮುಂದಕ್ಕೆ ಶುರುವಾಗುವುದು Release. ನನಗೆ ಸರಿಬಂದದ್ದು 90 ಮಿಲಿಸೆಕೆಂಡ್. ಇದನ್ನು ಬರೆದಿಟ್ಟುಕೊಂಡು ಪ್ರಯೋಜನವಿಲ್ಲ. ಬೇರೆ ಕಿಕ್, ಬೇರೆ ವೇಗ, ಬೇರೆ ಕಂಪ್ರೆಸರ್ ಎಂದರೆ ಬೇರೆ ಅಂಕಿ.

ಅಂಕಿಗಿಂತ ಒಂದು ಹಳೇ ಉಪಾಯ ವಾಸಿ. ಗಡಿಯನ್ನು ತೀರಾ ಕೆಳಕ್ಕೆ ಎಳೆದು ಬೇಸ್ ಅಸಹ್ಯವಾಗುವಷ್ಟು ತಗ್ಗುವಂತೆ ಮಾಡಿ. ಈಗ ಅದು ಏರುವುದು, ಇಳಿಯುವುದು ಕುರುಡನಿಗೂ ಕಾಣಿಸುವ ಹಾಗೆ ಕೇಳಿಸುತ್ತದೆ. ಅದೇ ಸ್ಥಿತಿಯಲ್ಲಿ Release ತಿರುಗಿಸುತ್ತ, ಉಸಿರು ತಾಳಕ್ಕೆ ಕೂತ ಜಾಗದಲ್ಲಿ ಕೈ ಬಿಡಿ. ಆಮೇಲೆ ಗಡಿಯನ್ನು ಮೇಲೆತ್ತಿ ಕಡಿತವನ್ನು ಬೇಕಾದಷ್ಟಕ್ಕೆ ತನ್ನಿ, Release ಅನ್ನು ಕೊನೆಯಲ್ಲಿ ಒಂದಿಷ್ಟು ತಿದ್ದಿ.

Release ಅತಿ ಉದ್ದವಾದರೆ ಏನಾಗುತ್ತದೆ? ಬೇಸ್ ಎದ್ದು ನಿಲ್ಲುವ ಮೊದಲೇ ಮುಂದಿನ ಕಿಕ್ ಬಂದು ಮತ್ತೆ ಕೂರಿಸುತ್ತದೆ. ಬೇಸ್ ಇಡೀ ಹಾಡಿನುದ್ದಕ್ಕೂ ತಗ್ಗಿಯೇ ಇರುತ್ತದೆ, ಅದರ ಫೇಡರನ್ನು ಇಳಿಸಿದ್ದರೂ ಅಷ್ಟೇ ಆಗುತ್ತಿತ್ತು. ಗುರುತಿಸುವುದು ಸುಲಭ: GR ಮೀಟರ್ ಎರಡು ಪೆಟ್ಟುಗಳ ನಡುವೆ ಒಮ್ಮೆಯಾದರೂ ಸೊನ್ನೆಗೆ ಬರಬೇಕು. ಬಾರದಿದ್ದರೆ ಉದ್ದವಾಗಿದೆ. ಅತಿ ಗಿಡ್ಡವಾದರೆ ಆಗುವ ತೊಂದರೆ ಇನ್ನೂ ವಿಚಿತ್ರ. 50 ಹರ್ಟ್ಸಿನ ಕಿಕ್ಕಿನಲ್ಲಿ ಒಂದು ಅಲೆಗೆ 20 ಮಿಲಿಸೆಕೆಂಡ್ ಬೇಕು. Release ಅನ್ನು ಐದೋ ಹತ್ತೋ ಮಿಲಿಸೆಕೆಂಡಿಗೆ ಇಟ್ಟರೆ ಕಂಪ್ರೆಸರ್ ಒಂದು ಅಲೆಯ ತುದಿಗೂ ಮುಂದಿನ ತುದಿಗೂ ನಡುವಿನ ತಗ್ಗನ್ನೇ ‘ಕಿಕ್ ಮುಗಿಯಿತು’ ಎಂದು ತಿಳಿದು ಬೇಸನ್ನು ಬಿಡುತ್ತದೆ, ಮರುಕ್ಷಣ ಮತ್ತೆ ಹಿಡಿಯುತ್ತದೆ. ಒಂದೇ ಪೆಟ್ಟಿನೊಳಗೆ ಹಲವು ಸಲ ಹೀಗೆ ಬಿಟ್ಟು ಹಿಡಿದು ಮಾಡಿದಾಗ ಬೇಸಿಗೆ ಗಂಟಲು ಕಟ್ಟಿದ ಒರಟುತನ ಬರುತ್ತದೆ. ಕೇಳಿದವರು ಸ್ಪೀಕರ್ ಹರಿದಿದೆ ಎಂದುಕೊಳ್ಳುತ್ತಾರೆ.

ತಗ್ಗುವ ವೇಗ, ಅಂದರೆ Attack, ಇದರಷ್ಟು ಕಾಡುವುದಿಲ್ಲ. ತೀರಾ ಚುರುಕಾಗಿಟ್ಟರೆ ಬೇಸಿನ ಅಲೆ ಅರ್ಧ ದಾರಿಯಲ್ಲೇ ಕತ್ತರಿಸಿಹೋಗಿ ‘ಟಿಕ್’ ಎನ್ನುತ್ತದೆ. ನಿಧಾನವಾದರೆ ಕಿಕ್‌ನ ತಲೆ ಬೇಸಿನಡಿ ಸಿಕ್ಕಿಬಿದ್ದು, ಬಾಗಿಲು ತೆರೆಯುವ ಹೊತ್ತಿಗೆ ನೆಂಟರು ಹೊರಟುಹೋಗಿರುತ್ತಾರೆ. ಎರಡರಿಂದ ಐದು ಮಿಲಿಸೆಕೆಂಡಿನೊಳಗೆ ಬಹುಪಾಲು ಸಲ ರಾಜಿ ಸಿಗುತ್ತದೆ. ಸಿಗದಿದ್ದರೆ Lookahead ಎಂಬ ಅನುಕೂಲವಿದೆ. ಅದು ಬೇಸನ್ನು ಒಂದೆರಡು ಮಿಲಿಸೆಕೆಂಡ್ ತಡೆದು ನಿಲ್ಲಿಸಿಕೊಂಡು, ಕಿವಿಗೆ ಮಾತ್ರ ಕಿಕ್ಕನ್ನು ಮುಂಚಿತವಾಗಿ ಕೇಳಿಸುತ್ತದೆ.

ಇಷ್ಟೆಲ್ಲ ಯಾರಿಗೂ ಗೊತ್ತಾಗದ ಹಾಗೆ ಮಾಡುವ ರಿಪೇರಿಯ ಮಾತು. ಇದೇ ತಂತ್ರವನ್ನು ಎಲ್ಲರಿಗೂ ಗೊತ್ತಾಗುವ ಹಾಗೆ ಬಳಸಿದವರೂ ಇದ್ದಾರೆ. 1990ರ ದಶಕದ ಕೊನೆಯಲ್ಲಿ ಪ್ಯಾರಿಸ್ಸಿನ ಹುಡುಗರು ಹಳೇ ಡಿಸ್ಕೊ ರೆಕಾರ್ಡುಗಳ ತುಣುಕುಗಳನ್ನು ಕತ್ತರಿಸಿ ಸುತ್ತಿಸುತ್ತ, ಅದಕ್ಕೆ ಕಿಕ್ ಸೇರಿಸಿ, ಎರಡನ್ನೂ ಒಟ್ಟಿಗೆ ಒಂದೇ ಕಂಪ್ರೆಸರಿನಲ್ಲಿ ಹಿಂಡುತ್ತಿದ್ದರು. ಕಿಕ್ ಬಿದ್ದಾಗಲೆಲ್ಲ ಇಡೀ ಹಾಡು ಕುಸಿದು, ನಡುವೆ ಉಬ್ಬಿ, ಮತ್ತೆ ಕುಸಿಯುತ್ತಿತ್ತು. ಸೈಕಲ್ಲಿಗೆ ಗಾಳಿ ಹೊಡೆಯುವಂತಿರುವ ಈ ಏರಿಳಿತಕ್ಕೆ ಪಂಪಿಂಗ್ ಎಂದೇ ಹೆಸರು. ನಿಜ ಹೇಳಬೇಕೆಂದರೆ ಸ್ಟುಡಿಯೊ ಎಂಜಿನಿಯರುಗಳ ಕಣ್ಣಿಗೆ ಅದೊಂದು ದೋಷ. ಡಾಫ್ಟ್ ಪಂಕ್ ಜೋಡಿ 2000ದಲ್ಲಿ ಹೊರತಂದ ‘ಒನ್ ಮೋರ್ ಟೈಮ್’ ಕೇಳಿದವರಿಗೆ ಆ ದೋಷವೇ ಹಾಡಿನ ಜೀವ ಎನ್ನುವುದು ತಿಳಿದಿರುತ್ತದೆ. ಆ ಜೋಡಿಯ ಹೆಸರಿನ ಜೊತೆಗೆ ಅಂಟಿಕೊಂಡಿರುವ ಕಂಪ್ರೆಸರ್ ಅಲೆಸಿಸ್ 3630, ದೊಡ್ಡ ಸ್ಟುಡಿಯೊಗಳು ಮೂಸಿಯೂ ನೋಡದ ಅಗ್ಗದ ಪೆಟ್ಟಿಗೆ.

ಒಂದೇ ಕಂಪ್ರೆಸರಿನಲ್ಲಿ ಎಲ್ಲವನ್ನೂ ಹಿಂಡಿದರೆ ಕಿಕ್ ಕೂಡ ಹಿಂಡಿಸಿಕೊಳ್ಳುತ್ತದೆ. ಕಿಕ್ಕನ್ನು ಹೊರಗಿಟ್ಟು ಕಿವಿಗೆ ಮಾತ್ರ ಕೊಟ್ಟರೆ ಅದು ಇಡಿಯಾಗಿ ಉಳಿಯುತ್ತದೆ, ಉಳಿದವು ಮಾತ್ರ ಕುಣಿಯುತ್ತವೆ. ಸ್ವೀಡನ್ನಿನ ಎರಿಕ್ ಪ್ರಿಡ್ಜ್ 2004ರಲ್ಲಿ ‘ಕಾಲ್ ಆನ್ ಮಿ’ ತಂದಾಗ ಈ ಏರಿಳಿತ ಎಷ್ಟು ಢಾಳಾಗಿತ್ತೆಂದರೆ, ಇವತ್ತಿಗೂ ಹೊಸಬರಿಗೆ ಪಂಪಿಂಗ್ ಎಂದರೇನು ಎಂದು ತೋರಿಸಲು ಅದನ್ನೇ ಹಾಕುತ್ತಾರೆ. ಅದಾದ ಮೇಲೆ ಒಂದಷ್ಟು ವರ್ಷ ಎಲ್ಲರೂ ಎಲ್ಲದಕ್ಕೂ ಇದನ್ನು ಬಳಿದು, ಕ್ಲಬ್ಬಿನ ಹಾಡುಗಳೆಲ್ಲ ಏದುಸಿರು ಬಿಡುತ್ತಿರುವಂತೆ ಕೇಳಿಸತೊಡಗಿದ್ದೂ ಉಂಟು. ನನಗಂತೂ ಆ ಕಾಲದ ಅರ್ಧಕ್ಕರ್ಧ ಹಾಡುಗಳನ್ನು ಈಗ ಕೇಳಿದರೆ ಹಡಗು ಹತ್ತಿದ ಹಾಗಾಗುತ್ತದೆ.

ಇದರಲ್ಲಿ ನನಗೆ ಬಹಳ ಇಷ್ಟವಾದದ್ದು ದೆವ್ವದ ಕಿಕ್. ಘೋಸ್ಟ್ ಕಿಕ್ ಎನ್ನುತ್ತಾರೆ. ಗಿಡ್ಡನೆಯ ಇನ್ನೊಂದು ಕಿಕ್ ಟ್ರ್ಯಾಕ್ ಮಾಡಿ, ಅದರ Audio To ಪಟ್ಟಿಯಲ್ಲಿ Sends Only ಆರಿಸಿದರೆ ಅದರ ದನಿ ಸ್ಪೀಕರಿಗೆ ಬರುವುದಿಲ್ಲ. ಕಂಪ್ರೆಸರಿನ ಕಿವಿಗೆ ಮಾತ್ರ ಕೇಳಿಸುತ್ತದೆ. ಹಾಡಿನ ನಡುವೆ ಡ್ರಮ್ಮುಗಳೆಲ್ಲ ನಿಂತು ಬರೀ ಸ್ವರಗಳು ಉಳಿಯುವ ಜಾಗದಲ್ಲೂ ಈ ದೆವ್ವ ಬಡಿಯುತ್ತಲೇ ಇರುತ್ತದೆ. ಕಿಕ್ ಇಲ್ಲ, ಆದರೆ ಅದಕ್ಕೆ ದಾರಿ ಬಿಡುತ್ತಿರುವ ಸ್ವರಗಳ ಏರಿಳಿತದಲ್ಲೇ ಅದು ಎಲ್ಲಿ ಬೀಳಬೇಕಿತ್ತು ಎಂದು ಕುಣಿಯುವವರ ಕಾಲಿಗೆ ಗೊತ್ತಾಗುತ್ತದೆ. ಇನ್ನೊಂದು ಲಾಭವೂ ಇದೆ. ಕೇಳುವ ಕಿಕ್ಕನ್ನು ಬದಲಿಸಿದರೂ ದೆವ್ವದ ಅಳತೆ ಬದಲಾಗದ್ದರಿಂದ, ಕಷ್ಟಪಟ್ಟು ಕೂರಿಸಿದ Release ಕೆಡುವುದಿಲ್ಲ.

ಬೇಸನ್ನು ಪೂರ್ತಿ ತಗ್ಗಿಸಲೇಬೇಕೆಂದೂ ಇಲ್ಲ. ಜಗಳವಿರುವುದು ಕೆಳಗಿನ ಕೋಣೆಯಲ್ಲಿ ಮಾತ್ರ. ನನ್ನ 55 ಹರ್ಟ್ಸಿನ ಸ್ವರದಲ್ಲಿ ಅದರ ಮೇಲಿನ 110, 165, 220ರ ದನಿಗಳೂ ಸೇರಿಕೊಂಡಿರುತ್ತವೆ. ಬೇಸನ್ನು 120 ಹರ್ಟ್ಸಿನ ಸುಮಾರಿಗೆ ಎರಡಾಗಿ ಸೀಳಿ, ಕೆಳಗಿನ ಪಾಲಿಗೆ ಮಾತ್ರ ಸೈಡ್‌ಚೈನ್ ಹಾಕಿದರೆ ಮೇಲಿನ ಪಾಲು ಕಿಕ್ ಬಿದ್ದಾಗಲೂ ಹರಿಯುತ್ತಿರುತ್ತದೆ. ಮೇಲಿನ ದನಿಗಳು ಕೇಳಿಸುತ್ತಿದ್ದರೆ ಕೆಳಗಿನ ಮೂಲಸ್ವರವನ್ನು ಕಿವಿಯೇ ಊಹಿಸಿ ತುಂಬಿಕೊಳ್ಳುತ್ತದೆ. ತಗ್ಗಿದೆ ಎಂಬ ಸುಳಿವೇ ಸಿಗುವುದಿಲ್ಲ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲೂ ಬೇಸ್ ಇದೆ ಅನ್ನಿಸುವುದು ಇದೇ ಕಾರಣಕ್ಕೆ. 55 ಹರ್ಟ್ಸನ್ನು ಹೊರಡಿಸುವ ಶಕ್ತಿ ಅದಕ್ಕೆಲ್ಲಿದೆ? ಹಾಗಾಗಿ ಮೊಬೈಲಿನಲ್ಲಿ ಕೇಳಿ ಸೈಡ್‌ಚೈನ್ ಸರಿಯಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಜಗಳ ನಡೆಯುವ ಕೋಣೆಗೆ ಅದು ಇಣುಕಿಯೇ ಇರುವುದಿಲ್ಲ.

ಸೈಡ್‌ಚೈನ್ ಇಲ್ಲದೆಯೂ ಈ ಜಗಳವನ್ನು ಬಿಡಿಸಬಹುದು ಎನ್ನುವುದಕ್ಕೆ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. ಗೋವಾದ ಕಡಲತೀರದ ಪಾರ್ಟಿಗಳಲ್ಲಿ ಬೆಳೆದ ಟ್ರಾನ್ಸ್ ಸಂಗೀತದಿಂದ ಮುಂದೆ ಸೈಟ್ರಾನ್ಸ್ ಹುಟ್ಟಿತು. ಅದರಲ್ಲಿ ಕಿಕ್ ಬೀಳುವ ಜಾಗದಲ್ಲಿ ಬೇಸಿನ ಸ್ವರವನ್ನೇ ಇಡುವುದಿಲ್ಲ. ಒಂದು ಪೆಟ್ಟನ್ನು ನಾಲ್ಕು ಭಾಗ ಮಾಡಿ, ಮೊದಲನೆಯದು ಕಿಕ್‌ಗೆ, ಉಳಿದ ಮೂರು ಬೇಸಿಗೆ: ಧಮ್-ಡುಗು-ಡುಗು-ಡುಗು. ನಿಮಿಷಕ್ಕೆ 145 ಪೆಟ್ಟಿನ ವೇಗದಲ್ಲಿ ಒಂದೊಂದು ಭಾಗಕ್ಕೆ ಸಿಗುವುದು 103 ಮಿಲಿಸೆಕೆಂಡ್. ಕಿಕ್ ಅಷ್ಟರಲ್ಲಿ ಮುಗಿಯುವಷ್ಟು ಗಿಡ್ಡ, ಬೇಸಿನ ಸ್ವರವೂ ಗಿಡ್ಡ. ಯಾರೂ ಯಾರಿಗೂ ದಾರಿ ಬಿಡಬೇಕಾಗಿಲ್ಲ, ಸರದಿ ಮೊದಲೇ ಗೊತ್ತಾಗಿದೆ.

ನನ್ನ ಟ್ರ್ಯಾಕಿನ ಬೇಸ್ ಉದ್ದನೆಯದು, ಎಳೆದು ನಿಲ್ಲುವಂಥದ್ದು. ಅದಕ್ಕೆ ಈ ಸರದಿ ಹೊಂದುತ್ತಿರಲಿಲ್ಲ. ಆದರೂ ಅದನ್ನು ನೋಡಿ ಒಂದು ಕೆಲಸ ಮಾಡಿದೆ. ಪ್ರತಿ ಸಾಲಿನಲ್ಲೂ ಹೊಸ ಸ್ವರ ಕಿಕ್ ಜೊತೆಗೇ ಶುರುವಾಗುತ್ತಿತ್ತು. ಅದನ್ನು ಅರ್ಧ ಪೆಟ್ಟು ಮುಂದಕ್ಕೆ ಸರಿಸಿ, ಕಿಕ್ ಮುಗಿದ ಮೇಲೆ ಹುಟ್ಟುವಂತೆ ಇಟ್ಟೆ. 12 ಡೆಸಿಬೆಲ್ ಕಡಿತ ಬೇಕಾಗಿದ್ದ ಜಾಗದಲ್ಲಿ ಈಗ 5 ಸಾಕಾಯಿತು. ಮುಂದಿನ ತಿಂಗಳು ಅದೇ ಗೆಳೆಯನ ಮನೆಯಲ್ಲಿ, ಅದೇ ಬಾಡಿಗೆ ಸ್ಪೀಕರುಗಳಲ್ಲಿ ಹಾಕಿದೆವು. ಬೇಸ್ ಸೇರುವ ಜಾಗ ಬಂದಾಗ ನಾನು ಸ್ಪೀಕರಿನ ಪಕ್ಕ ಕೈ ಕಟ್ಟಿಕೊಂಡು ನಿಂತು ಪೆಟ್ಟುಗಳನ್ನು ಎಣಿಸುತ್ತಿದ್ದೆ. ಹದಿನಾರಕ್ಕೆ ಹದಿನಾರೂ ಬಿದ್ದವು.